ಪೇಟೆಂಟ್, ಟ್ರೇಡ್‌ಮಾರ್ಕ್, ಕಾಪಿರೈಟ್: ಯುವ ಉದ್ಯಮಿಗಳಿಗೆ ಕಿರು ಅಧ್ಯಯನ ಟಿಪ್ಪಣಿ

ತೀರ್ಥಹಳ್ಳಿಯ ಯುವಕನೊಬ್ಬ ಹಸಿ ಅಡಿಕೆ ಸುಲಿಯುವ ಯಂತ್ರಕ್ಕೆ, ಕಾಯಿಯ ಗಾತ್ರಕ್ಕೆ ತಕ್ಕಂತೆ ತಾನಾಗಿಯೇ ಸರಿಯುವ ಬ್ಲೇಡನ್ನು ರೂಪಿಸಿದನೆನ್ನಿ. ಅದು ಹೊಸದಾಗಿದ್ದು, ಆ ಕೆಲಸ ಬಲ್ಲವರಿಗೂ ಸುಲಭವಾಗಿ ಹೊಳೆಯದಂತಿದ್ದು, ಉದ್ಯಮದಲ್ಲಿ ಬಳಸುವಂತಿದ್ದರೆ 1970ರ ಕಾಯ್ದೆಯಡಿ ಪೇಟೆಂಟ್ ಪಡೆಯಬಹುದು. ನವೀಕರಣ ಶುಲ್ಕ ಕಟ್ಟುತ್ತಿದ್ದರೆ ಅರ್ಜಿಯ ದಿನದಿಂದ 20 ವರ್ಷ ಅದರ ಅವಧಿ. ಹಲವರು ಎಡವುವುದು ಅರ್ಜಿಗೆ ಮೊದಲೇ: ಕೃಷಿ ಮೇಳದಲ್ಲಿ ಯಂತ್ರವನ್ನು ಬಿಚ್ಚಿ ತೋರಿಸಿದರೆ ಸಾಮಾನ್ಯವಾಗಿ ಹೊಸತನದ ಹಕ್ಕು ಕೈತಪ್ಪುತ್ತದೆ. ಕೆಲಸ ಇನ್ನೂ ಬಾಕಿಯಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಕರ್ನಾಟಕದ ಪೇಟೆಂಟ್ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಅಂದ ಹಾಗೆ, ಅಜ್ಜಿ ಹೇಳಿಕೊಟ್ಟ ಕಷಾಯಕ್ಕೆ ಪೇಟೆಂಟ್ ಸಿಗದು. ಪಾರಂಪರಿಕ ಜ್ಞಾನವನ್ನು ಕಾಯ್ದೆಯೇ ಹೊರಗಿಟ್ಟಿದೆ.

ಸಾಗರದಲ್ಲಿ ಉಪ್ಪಿನಕಾಯಿ ಮಾರುವವರಿಗೆ ಬೇಕಾದದ್ದು ಟ್ರೇಡ್‌ಮಾರ್ಕ್. ‘ರುಚಿಯಾದ ಅಪ್ಪೆಮಿಡಿ’ ಎಂಬಂತಹ ಬರಿಯ ವರ್ಣನೆಗೆ ನೋಂದಣಿ ಕಷ್ಟ. ವಿಶಿಷ್ಟ ಹೆಸರು ಅಥವಾ ಲಾಂಛನಕ್ಕೆ 10 ವರ್ಷದ ನೋಂದಣಿ ದೊರೆತು, ಅದನ್ನು ಮತ್ತೆ ಮತ್ತೆ ನವೀಕರಿಸಬಹುದು.

ಬರಹ, ಚಿತ್ರ, ಸಾಫ್ಟ್‌ವೇರ್ ಕೋಡ್‌ಗಳಿಗೆ ಕಾಪಿರೈಟ್ ರಚನೆಯೊಂದಿಗೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷ ಅದು ಉಳಿಯುತ್ತದೆ. ಹೊರಗಿನವರಿಂದ ಹಣ ಕೊಟ್ಟು ಜಾಲತಾಣದ ಬರಹ ಬರೆಸಿದರೆ, ಹಕ್ಕನ್ನು ಲಿಖಿತವಾಗಿ ವರ್ಗಾಯಿಸಿಕೊಳ್ಳಬೇಕು.