ಸೂಚನೆ: ನಮ್ಮ ಆವರಣದ ಬೆಕ್ಕುಗಳ ಊಟ ಮತ್ತು ಆಪರೇಷನ್ ವ್ಯವಸ್ಥೆ

ದಿನಾಂಕ: 12-11-2025
ಎ, ಬಿ ಮತ್ತು ಸಿ ಬ್ಲಾಕಿನ ಎಲ್ಲ ನಿವಾಸಿಗಳಿಗೆ
ವಿದ್ಯಾನಗರ, ದಾವಣಗೆರೆ

ಆತ್ಮೀಯರೇ,

ಕಳೆದ ಸಭೆಯಲ್ಲಿ ಬೆಕ್ಕುಗಳ ವಿಷಯಕ್ಕೆ ಸಾಕಷ್ಟು ಚರ್ಚೆ ಆಯಿತು. ರಾತ್ರಿ ಕಿತ್ತಾಟದ ಸದ್ದಿಗೆ ನಿದ್ದೆ ಬರುವುದಿಲ್ಲ, ಮೆಟ್ಟಿಲ ಮೇಲೆ ಊಟ ಚೆಲ್ಲಿರುತ್ತದೆ, ಸೆಲ್ಲಾರಿನಲ್ಲಿ ವಾಸನೆ ಎಂದು ಕೆಲವರು ಹೇಳಿದರು. ಆ ಮೂಕಪ್ರಾಣಿಗಳಿಗೆ ಊಟ ನಿಲ್ಲಿಸಬೇಡಿ ಎಂದು ಇನ್ನು ಕೆಲವರು ಕೇಳಿಕೊಂಡರು. ಇಬ್ಬರ ಮಾತೂ ಸರಿ. ಅದಕ್ಕೇ ಊಟ ಮತ್ತು ಮರಿಯಾಗದಂತೆ ಮಾಡುವ ಆಪರೇಷನ್ ಎರಡನ್ನೂ ಸೇರಿಸಿ ಒಂದೇ ವ್ಯವಸ್ಥೆ ಮಾಡಿದ್ದೇವೆ. ದಿನಾ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಊಟ ಸಿಕ್ಕರೆ ಮಾತ್ರ ಬೆಕ್ಕು ಆ ಹೊತ್ತಿಗೆ ಅಲ್ಲಿಗೆ ಬರುತ್ತದೆ. ಬಂದರೆ ಮಾತ್ರ ಹಿಡಿಯಬಹುದು. ಹಿಡಿದರೆ ಮಾತ್ರ ಮರಿಗಳ ಸಂಖ್ಯೆ ನಿಲ್ಲುತ್ತದೆ.

ಈಗ ನಮ್ಮಲ್ಲಿ 13 ದೊಡ್ಡ ಬೆಕ್ಕುಗಳಿವೆ: 8 ಹೆಣ್ಣು, 5 ಗಂಡು. ಜೊತೆಗೆ ಜನರೇಟರ್ ಹಿಂದೆ ಮೂರು ವಾರದ 4 ಮರಿಗಳಿವೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗರ್ಭ ಕಟ್ಟಬಹುದು. ಹಾಗಾಗಿ ಈಗ ಸುಮ್ಮನಿದ್ದರೆ ಮುಂದಿನ ಮಳೆಗಾಲದ ಹೊತ್ತಿಗೆ ಎಷ್ಟಾಗಬಹುದು, ನೀವೇ ಯೋಚಿಸಿ.

ಊಟದ ಜಾಗ ಮತ್ತು ಹೊತ್ತು

ನವೆಂಬರ್ 17, ಸೋಮವಾರದಿಂದ ಬೆಳಿಗ್ಗೆ 6ಕ್ಕೆ ಮತ್ತು ರಾತ್ರಿ 9ಕ್ಕೆ ಊಟ ಹಾಕಲಾಗುತ್ತದೆ. ಶಾಲೆ ಮಕ್ಕಳು ಮತ್ತು ವಾಕಿಂಗ್ ಹೋಗುವ ಹಿರಿಯರು ಓಡಾಡುವ ಸಮಯ ಬಿಟ್ಟು ಈ ವೇಳೆ ಆರಿಸಿದ್ದೇವೆ. ಜಾಗ ಎರಡೇ: ಸಿ ಬ್ಲಾಕ್ ಹಿಂದಿನ ಕಾಂಪೌಂಡ್ ಪಕ್ಕ, ಮತ್ತು ಎ ಬ್ಲಾಕಿನ ಪಂಪ್ ರೂಮಿನ ಹಿಂದೆ. ಅರ್ಧ ಗಂಟೆಯ ನಂತರ ತಟ್ಟೆ ಎತ್ತಿ, ತೊಳೆದು ಇಡಲಾಗುತ್ತದೆ. ಉಳಿದ ಊಟ ಅಲ್ಲೇ ಬಿದ್ದಿದ್ದರೆ ಇಲಿ, ಇರುವೆ, ಬೀದಿನಾಯಿ ಎಲ್ಲವೂ ಬರುತ್ತವೆ. ನೀರಿನ ಬಟ್ಟಲು ಮಾತ್ರ ಇಡೀ ದಿನ ಇರುತ್ತದೆ. ಮೆಟ್ಟಿಲು, ಲಿಫ್ಟ್ ಮುಂದೆ, ಮಕ್ಕಳ ಆಟದ ಜಾಗ, ಕಾರಿನ ಕೆಳಗೆ ದಯವಿಟ್ಟು ಯಾರೂ ಊಟ ಹಾಕಬೇಡಿ.

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023 ಕೂಡ ಇದನ್ನೇ ಹೇಳುತ್ತವೆ. ಯಾರೂ ಸಾಕದ ಸಮುದಾಯ ಪ್ರಾಣಿಗಳ ಊಟಕ್ಕೆ ಜಾಗ ಗೊತ್ತು ಮಾಡುವುದು ನಿವಾಸಿಗಳ ಸಂಘದ ಹೊಣೆ. ಆ ಜಾಗ ಮೆಟ್ಟಿಲು, ಬಾಗಿಲು, ಮಕ್ಕಳ ಆಟದ ಜಾಗದಿಂದ ದೂರ ಇರಬೇಕು. ಊಟ ಹಾಕುವವರು ಗಲೀಜು ಮಾಡಬಾರದು.

ಏನು ಹಾಕಬೇಕು ಎಂದು ಬಹಳ ಜನ ಕೇಳಿದ್ದೀರಿ. ಅನ್ನಕ್ಕೆ ಬೇಯಿಸಿದ ಮೀನು, ಕೋಳಿ ಅಥವಾ ಮೊಟ್ಟೆ ಕಲಸಿ ಕೊಡಬಹುದು. ಉಪ್ಪು, ಖಾರ ಬೇಡ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ, ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಆದ್ದರಿಂದ ಉಳಿದ ಸಾರು, ಪಲ್ಯ, ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಹಾಕುವುದನ್ನು ನಿಲ್ಲಿಸೋಣ. ಹಾಲು ಕೊಡುವುದು ನಮ್ಮೆಲ್ಲರ ಮನೆಯ ರೂಢಿ, ಅಲ್ವಾ? ಆದರೆ ಎಷ್ಟೋ ದೊಡ್ಡ ಬೆಕ್ಕುಗಳಿಗೆ ಅದು ಜೀರ್ಣವಾಗುವುದಿಲ್ಲ, ಭೇದಿ ಆಗುತ್ತದೆ. ಸೆಲ್ಲಾರಿನ ವಾಸನೆಗೆ ಅದೂ ಒಂದು ಕಾರಣ ಇರಬಹುದು. ಜ್ವರ ಬಂದಂತೆ ಕಂಡರೆ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದು ಮಾತ್ರೆಯಿಂದಲೂ ಬೆಕ್ಕು ಸಾಯಬಹುದು.

ಹಿಡಿಯುವುದು ಮತ್ತು ಆಪರೇಷನ್

ಎರಡು ವಾರ ಊಟದ ರೂಢಿ ಆದ ಮೇಲೆ, ಡಿಸೆಂಬರ್ 2ರ ಮಂಗಳವಾರ ರಾತ್ರಿ ಮೊದಲ ಬೋನು ಇಡುತ್ತೇವೆ. ಮರುದಿನ ಬುಧವಾರ ಆಪರೇಷನ್. ವಾರಕ್ಕೆ 3 ಬೆಕ್ಕುಗಳಂತೆ ಡಿಸೆಂಬರ್ 3, 10, 17, 24ರಂದು 12 ಬೆಕ್ಕುಗಳಿಗೆ ಆಗುತ್ತದೆ. ಮರಿಗಳ ತಾಯಿಯನ್ನು ಈಗಲೇ ಹಿಡಿಯುವುದಿಲ್ಲ. ಮರಿಗಳಿಗೆ ಎಂಟು ವಾರ ತುಂಬಿದ ಮೇಲೆ, ಅಂದರೆ 31ರಂದು ಅವಳ ಸರದಿ.

ಮಂಗಳವಾರದ ಬಗ್ಗೆ ಸ್ವಲ್ಪ ಗಮನ ಕೊಟ್ಟು ಓದಿ. ಎಲ್ಲಕ್ಕಿಂತ ಮುಖ್ಯವಾದ ವಿನಂತಿ ಇದು. ಅರಿವಳಿಕೆ ಕೊಡುವಾಗ ಹೊಟ್ಟೆ ತುಂಬಿದ್ದರೆ ವಾಂತಿಯಾಗಿ ಉಸಿರಿಗೆ ಅಪಾಯ. ಹಸಿವಿಲ್ಲದ ಬೆಕ್ಕು ಬೋನಿನ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಡಿಸೆಂಬರ್ 2ರಿಂದ 30ರವರೆಗಿನ ಐದೂ ಮಂಗಳವಾರ ಬೆಳಗಿನ ಊಟದ ನಂತರ ಯಾರೂ ಏನೂ ಹಾಕಬಾರದು. ಅದು ಬಾಗಿಲಲ್ಲಿ ಕೂತು ಕೂಗುತ್ತದೆ, ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ನಿಜ. ಆ ಒಂದು ದಿನ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೀವು ಹಾಕಿದ ಎರಡು ತುತ್ತಿನಿಂದ ಆ ಬೆಕ್ಕಿನ ಸರದಿ ಒಂದು ವಾರ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಗರ್ಭ ಕಟ್ಟಿದರೂ ಕಟ್ಟಬಹುದು.

ಬೋನಿನೊಳಗೆ ಒಂದೇ ಒಂದು ಚೂರು ಮೀನು ಇಡುತ್ತೇವೆ. ರಾತ್ರಿ 9ರಿಂದ 10ರವರೆಗೆ ಆ ಎರಡು ಜಾಗದ ಹತ್ತಿರ ಯಾರೂ ಬರಬೇಡಿ, ಮಕ್ಕಳನ್ನೂ ಕಳಿಸಬೇಡಿ. ಬೆಕ್ಕು ಒಳಗೆ ಹೋದ ತಕ್ಷಣ ದಪ್ಪ ಬಟ್ಟೆ ಮುಚ್ಚುತ್ತೇವೆ. ಕತ್ತಲಾದರೆ ಅದು ಒದ್ದಾಡುವುದು ಕಡಿಮೆ. ಬೋನಿನಲ್ಲಿ ಬೆಕ್ಕು ಕಂಡರೆ ಕೈ ತೂರಿಸಬೇಡಿ, ಪಾಪ ಎಂದು ಬಾಗಿಲು ತೆಗೆಯಬೇಡಿ. ಒಮ್ಮೆ ತಪ್ಪಿಸಿಕೊಂಡ ಬೆಕ್ಕು ಮತ್ತೆ ಬೋನಿಗೆ ಬರುವುದು ಬಹಳ ಕಷ್ಟ.

ಆಪರೇಷನ್ ಸಮಯದಲ್ಲೇ ರೇಬೀಸ್ ಲಸಿಕೆ ಹಾಕುತ್ತಾರೆ. ಒಂದು ಕಿವಿಯ ತುದಿಯನ್ನು ಸ್ವಲ್ಪ ನೇರವಾಗಿ ಕತ್ತರಿಸುತ್ತಾರೆ. ಅರಿವಳಿಕೆಯಲ್ಲಿ ಇರುವುದರಿಂದ ನೋವು ಗೊತ್ತಾಗುವುದಿಲ್ಲ. ಆಪರೇಷನ್ ಆಗಿದೆ ಎಂದು ದೂರದಿಂದಲೇ ತಿಳಿಯಲು ಈ ಗುರುತು, ಇಲ್ಲದಿದ್ದರೆ ಅದೇ ಬೆಕ್ಕನ್ನು ಸುಮ್ನೆ ಮತ್ತೆ ಹಿಡಿಯಬೇಕಾಗುತ್ತದೆ. ಗಂಡು ಬೆಕ್ಕನ್ನು ಒಂದು ದಿನ, ಹೆಣ್ಣನ್ನು ನಾಲ್ಕು ದಿನ ಬಿ ಬ್ಲಾಕಿನ ಹಳೇ ಸ್ಟೋರ್ ರೂಮಿನಲ್ಲಿ ಬೆಚ್ಚಗೆ ಇಟ್ಟು, ಹಿಡಿದ ಜಾಗದಲ್ಲೇ ಬಿಡುತ್ತೇವೆ. ಹಳೇ ಬೆಡ್‌ಶೀಟ್, ಟವೆಲ್ ಇದ್ದರೆ ವಾಚ್‌ಮನ್ ಹತ್ತಿರ ಕೊಡಿ.

ಚೀಲದಲ್ಲಿ ಹಾಕಿ ಎಪಿಎಂಸಿ ಕಡೆ ಬಿಟ್ಟು ಬನ್ನಿ ಎಂದು ಸಭೆಯಲ್ಲಿ ಒಬ್ಬರು ಹೇಳಿದ್ದರು. ಅದು ಆಗುವ ಮಾತಲ್ಲ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕು ಊಟ ಸಿಗದೆ, ನಾಯಿಗಳ ಬಾಯಿಗೆ ಬಿದ್ದು ಸಾಯುತ್ತದೆ. ಇಲ್ಲಿ ಖಾಲಿಯಾದ ಜಾಗಕ್ಕೆ ಅಕ್ಕಪಕ್ಕದ ಬೀದಿಯ ಬೆಕ್ಕುಗಳು ಬರುತ್ತವೆ, ಮತ್ತೆ ಮರಿ ಹಾಕುತ್ತವೆ. ಆಪರೇಷನ್ ಆದ ಬೆಕ್ಕು ಇಲ್ಲೇ ಇದ್ದರೆ ಹೊಸದು ಬಂದು ನೆಲೆಯೂರುವುದು ಕಡಿಮೆ. ಬೆದೆಯ ಕೂಗಾಟ ನಿಲ್ಲುತ್ತದೆ, ಗಂಡುಗಳ ಕಾದಾಟ ಮತ್ತು ಮೂತ್ರ ಸಿಂಪಡಿಸುವುದೂ ಕಡಿಮೆಯಾಗುತ್ತದೆ. ಬೆಕ್ಕು ಓಡಿಸಲು ಫಿನಾಯಿಲ್ ಸುರಿಯಬೇಡಿ, ಕಾಲಿಗೆ ಅಂಟಿದ್ದನ್ನು ನೆಕ್ಕಿದರೆ ಅದು ವಿಷವಾಗುತ್ತದೆ. ಬೇಕೆಂದೇ ವಿಷ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ.

ಖರ್ಚು

ಡಾಕ್ಟರು ಹೇಳಿರುವ ದರ ಹೆಣ್ಣಿಗೆ 2,500, ಗಂಡಿಗೆ 1,500 ರೂಪಾಯಿ. ಒಟ್ಟು 27,500. ಸಭೆಯ ತೀರ್ಮಾನದಂತೆ ಸಂಘದ ನಿಧಿಯಿಂದ 10,000 ಕೊಡುತ್ತೇವೆ. ಉಳಿದ 17,500 ಇಷ್ಟವಿದ್ದವರ ದೇಣಿಗೆಯಿಂದ. ಯಾರಿಗೂ ಒತ್ತಾಯವಿಲ್ಲ, ಮೇಂಟೆನೆನ್ಸ್ ಬಿಲ್ಲಿಗೂ ಸೇರಿಸುವುದಿಲ್ಲ. ಊಟದ ಖರ್ಚನ್ನು ಊಟ ಹಾಕುವ ಆರು ಮನೆಯವರೇ ನೋಡಿಕೊಳ್ಳುತ್ತಿದ್ದಾರೆ. ಲೆಕ್ಕ ಪ್ರತಿ ತಿಂಗಳು ಇದೇ ಬೋರ್ಡಿನಲ್ಲಿ ಹಾಕಲಾಗುತ್ತದೆ.

ಬೆಕ್ಕು ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಅಥವಾ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಮನೆಯಲ್ಲೇ ಕೂರಬೇಡಿ. ಚಳಿ ಶುರುವಾಗಿದೆ, ಬೆಕ್ಕುಗಳು ಬಿಸಿ ಎಂಜಿನ್ ಹುಡುಕಿ ಕಾರಿನೊಳಗೆ ಸೇರುತ್ತವೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ.

ಆ ನಾಲ್ಕು ಮರಿಗಳಲ್ಲಿ ಯಾವುದನ್ನಾದರೂ ಸಾಕುವ ಮನಸ್ಸಿದ್ದರೆ, ಬೋನು ಒಯ್ಯಲು ಕಾರು ಕೊಡುವಂತಿದ್ದರೆ, ಅಥವಾ ದೂರು ಇದ್ದರೆ ಬಿ-204ಕ್ಕೆ ಸಂಜೆ 6ರಿಂದ 8ರೊಳಗೆ ಬನ್ನಿ. ದೂರುಗಳನ್ನು ವಾಚ್‌ಮನ್ ಮೇಜಿನ ಪುಸ್ತಕದಲ್ಲಿಯೂ ಬರೆಯಬಹುದು. ಪ್ರತಿ ಭಾನುವಾರ ಅದನ್ನು ನೋಡಿ ಉತ್ತರ ಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ
ನಿವಾಸಿಗಳ ಸಂಘ