ಮೇ 4ರ ಸಭೆಯ ನಡಾವಳಿ: ಹೊಣೆ ಮತ್ತು ಗಡುವಿನೊಂದಿಗೆ ಕೆಲಸಗಳ ಪಟ್ಟಿ

ಆಳಂದ, ಮೇ 6, 2026

ನಮ್ಮ ರೈತ ಉತ್ಪಾದಕ ಕಂಪನಿಯ ಅಧ್ಯಕ್ಷರಿಗೂ ಎಲ್ಲ ನಿರ್ದೇಶಕರಿಗೂ,

ಮೇ 4ರ ಸಭೆಯ ನಡಾವಳಿಗೆ ತಮ್ಮ ಸಹಿ ಆಗಿದೆ. ಅದರಲ್ಲಿ "ಮಾಡಬೇಕು", "ನೋಡಿಕೊಳ್ಳುವುದು" ಎಂದು ಆರು ತೀರ್ಮಾನಗಳಿವೆ, ಆದರೆ ಯಾರು ಮಾಡಬೇಕು, ಯಾವಾಗ ಮುಗಿಸಬೇಕು ಎಂಬುದು ಒಂದರಲ್ಲೂ ಇಲ್ಲ. ಸಹಿಯಾದ ನಡಾವಳಿಯನ್ನು ತಿದ್ದುವುದು ಸರಿಯಲ್ಲವಾದ್ದರಿಂದ, ಸಂಬಂಧಪಟ್ಟವರೊಡನೆ ಮಂಗಳವಾರ ಮಾತನಾಡಿ, ಅವರು ಒಪ್ಪಿದ ಹೊಣೆ ಮತ್ತು ದಿನಾಂಕಗಳನ್ನು ಈ ಪಟ್ಟಿಯಲ್ಲಿ ಬರೆದು ಅನುಬಂಧವಾಗಿ ಲಗತ್ತಿಸಿದ್ದೇನೆ. ಜೂನ್ 5ರ ಸಭೆಯಲ್ಲಿ ಇದಕ್ಕೆ ಸ್ಥಿರೀಕರಣ ಪಡೆಯಲಾಗುವುದು. ಜೂನ್ 8ರ ಸುಮಾರಿಗೆ ಮೃಗಶಿರಾ ಮಳೆ ಕೂಡುತ್ತದೆ. ಅಷ್ಟರೊಳಗೆ ಬೀಜ ರೈತರ ಮನೆಯಲ್ಲಿರಬೇಕು ಎಂಬುದನ್ನು ಮುಂದಿಟ್ಟುಕೊಂಡು ಗಡುವುಗಳನ್ನು ಹಿಂದಿನಿಂದ ಲೆಕ್ಕ ಹಾಕಿದ್ದೇವೆ.

ನಡಾವಳಿ 1: "ತೊಗರಿ ಬಿತ್ತನೆ ಬೀಜದ ವ್ಯವಸ್ಥೆ ಆದಷ್ಟು ಬೇಗ ಮಾಡಬೇಕು."

ಇದು ಒಂದು ಕೆಲಸವಲ್ಲ, ಮೂರು. ಮೊದಲನೆಯದು ಮುಗಿಯದೆ ಎರಡನೆಯದು ಆರಂಭವಾಗುವುದಿಲ್ಲ, ಆದ್ದರಿಂದ ಬಿಡಿಸಿ ಬರೆದಿದ್ದೇನೆ.

1ಅ. ಯಾವ ಸದಸ್ಯರಿಗೆ ಎಷ್ಟು ಎಕರೆಗೆ, ಯಾವ ತಳಿಯ ಬೀಜ ಬೇಕು ಎಂಬ ಬೇಡಿಕೆ ಪಟ್ಟಿ. ಹೊಣೆ: ನಿಂಬರ್ಗಾ ಭಾಗದ ನಿರ್ದೇಶಕರು. ಉಳಿದ ಊರುಗಳ ನಿರ್ದೇಶಕರು ತಮ್ಮ ಊರಿನ ಹೆಸರುಗಳನ್ನು ಅವರಿಗೆ ಒಪ್ಪಿಸುತ್ತಾರೆ. ಒಟ್ಟು ಪಟ್ಟಿಯ ಹೊಣೆ ಮಾತ್ರ ಅವರೊಬ್ಬರದೇ. ಗಡುವು: ಮೇ 12.

1ಆ. ಎಕರೆಗೆ 5 ಕಿಲೋ ಲೆಕ್ಕದಲ್ಲಿ ಒಟ್ಟು ಪ್ರಮಾಣ ತೆಗೆದು, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಟಿ.ಎಸ್-3ಆರ್ ಮತ್ತು ಜಿ.ಆರ್.ಜಿ-811 ತಳಿಗಳ ಲಭ್ಯತೆ ವಿಚಾರಿಸಿ ಬೇಡಿಕೆ ಪತ್ರ ಕೊಡುವುದು. ಅಲ್ಲಿ ಸಾಲದಿದ್ದರೆ ಉಳಿದದ್ದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವುದು. ಹೊಣೆ: ನಾನು. ಗಡುವು: ಮೇ 14.

1ಇ. ಬೀಜ ತಂದು ಊರುವಾರು ಹಂಚುವುದು. ಹೊಣೆ: ಗೋದಾಮಿನ ಉಸ್ತುವಾರಿ. ಗಡುವು: ಮೇ 30. ಪ್ರತಿ ಸದಸ್ಯರ ಸಹಿಯಿರುವ ಹಂಚಿಕೆ ವಹಿ ಕಚೇರಿಗೆ ಬಂದ ಮೇಲೆಯೇ ಇದು ಮುಗಿದ ಕೆಲಸ.

ನಡಾವಳಿ 2: "ಗೋದಾಮಿನ ಸೋರಿಕೆ ಸರಿಪಡಿಸುವುದು."

ಬೀಜ ಬರುವ ಮುನ್ನ ಇದು ಆಗಲೇಬೇಕು. ಪಶ್ಚಿಮದ ಮೂಲೆಯಲ್ಲಿ ಎರಡು ತಗಡುಗಳ ಮೊಳೆ ಸಡಿಲಾಗಿ ನೀರು ಗೋಡೆಗುಂಟ ಇಳಿಯುತ್ತದೆ. ಕಳೆದ ಮಳೆಗಾಲದಲ್ಲಿ ಅಲ್ಲಿಯ ಕೆಳಗಿನ ಸಾಲಿನ ಚೀಲಗಳಿಗೆ ಬೂಸಲು ಹಿಡಿದಿತ್ತು. ಸಭೆಯಲ್ಲಿ ಖರ್ಚಿನ ಮಾತೇ ಬರದಿದ್ದುದರಿಂದ ಅಧ್ಯಕ್ಷರನ್ನು ಕೇಳಿದೆ. ಅವರು ತಮ್ಮ ಅಧಿಕಾರದಲ್ಲಿ 15,000 ರೂಪಾಯಿವರೆಗೆ ಒಪ್ಪಿಗೆ ಕೊಟ್ಟಿದ್ದಾರೆ. ತಗಡು ಬದಲಿಸಿ, ಮೇಲಿಂದ ನೀರು ಹೊಯ್ದು ನೋಡಿ, ಒಳಗೆ ಒಣಗಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಬಿಲ್ಲು ಪಾಸಾಗುತ್ತದೆ. ಚೀಲಗಳನ್ನು ನೆಲಕ್ಕೆ ಒಡ್ಡದೆ ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರ ಒಟ್ಟಬೇಕು. ಹೊಣೆ: ಗೋದಾಮಿನ ಉಸ್ತುವಾರಿ. ಗಡುವು: ಮೇ 20.

ನಡಾವಳಿ 3: "ನೆಟೆ ರೋಗದ ಬಗ್ಗೆ ಸದಸ್ಯರಿಗೆ ತಿಳಿಸುವುದು."

ತಿಳಿಸುವುದು ಎಂದರೆ ಬೀಜೋಪಚಾರದ ಪ್ರಾತ್ಯಕ್ಷಿಕೆ ಎಂದು ತಿಳಿದಿದ್ದೇವೆ. ಈ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಉಳಿಯುವುದರಿಂದ, ಗಿಡ ಬಾಡಿದ ಮೇಲೆ ಸಿಂಪಡಿಸಿದರೆ ಫಲ ಕಡಿಮೆ. ಬಿತ್ತುವ ಮುನ್ನವೇ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸುವುದನ್ನು ಕಣ್ಣಾರೆ ತೋರಿಸಬೇಕು. ಖಜೂರಿ, ನಿಂಬರ್ಗಾ, ಕಡಗಂಚಿಯಲ್ಲಿ ತಲಾ ಒಂದು ಪ್ರಾತ್ಯಕ್ಷಿಕೆ. ಹೊಣೆ: ಖಜೂರಿ ಭಾಗದ ನಿರ್ದೇಶಕರು. ಗಡುವು: ಜೂನ್ 3. ಬೀಜ ಹಂಚಿಕೆಯ ನಂತರವೇ ಇದನ್ನು ಇಟ್ಟುಕೊಂಡರೆ ರೈತರು ತಮ್ಮ ಬೀಜವನ್ನು ಅಲ್ಲಿಯೇ ಉಪಚರಿಸಿಕೊಂಡು ಹೋಗಬಹುದು.

ನಡಾವಳಿ 4: "ತೂಕದ ಯಂತ್ರದ ವಿಷಯ ನೋಡಿಕೊಳ್ಳುವುದು."

ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ವಾರ್ಷಿಕ ಪರಿಶೀಲನೆಯ ಮುದ್ರೆ ಬೀಳಬೇಕು. ಹೊಣೆ: ಲೆಕ್ಕಿಗರು. ಗಡುವು: ಮೇ 25.

ನಡಾವಳಿ 5: "ಜಿ.ಐ. ಬಗ್ಗೆ ವಿಚಾರಿಸುವುದು."

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆದರೆ ಅದರ ಅಧಿಕೃತ ಬಳಕೆದಾರರಾಗಲು ಚೆನ್ನೈನ ಭೌಗೋಳಿಕ ಸೂಚಕ ನೋಂದಣಿ ಕಚೇರಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಅರ್ಜಿಗೆ ಬೇಕಾದ ಕಾಗದಗಳು, ಶುಲ್ಕ ಎಷ್ಟೆಂಬುದನ್ನು ಒಂದು ಪುಟದ ಟಿಪ್ಪಣಿಯಾಗಿ ಮಂಡಿಸುವುದಷ್ಟೇ ಈಗಿನ ಕೆಲಸ. ಅರ್ಜಿ ಹಾಕುವ ತೀರ್ಮಾನ ಮಂಡಳಿಯದು. ಹೊಣೆ: ಕಡಗಂಚಿ ಭಾಗದ ನಿರ್ದೇಶಕಿಯವರು. ಗಡುವು: ಜೂನ್ 5.

ನಡಾವಳಿ 6: "ಬೇಳೆಯ ಗುಣಮಟ್ಟಕ್ಕೆ ಆದ್ಯತೆ ಕೊಡಬೇಕು."

ಇದು ಎಲ್ಲರೂ ಒಪ್ಪಿದ ಅಭಿಪ್ರಾಯ. ಇದರಲ್ಲಿ ಯಾರಾದರೂ ಮಾಡಿ ಮುಗಿಸಬಹುದಾದ ಕೆಲಸ ಕಾಣದ ಕಾರಣ ಪಟ್ಟಿಗೆ ಸೇರಿಸಿಲ್ಲ. ನಡಾವಳಿಯಲ್ಲಿ ಹಾಗೆಯೇ ಇರುತ್ತದೆ. ಕೊಯ್ಲಿಗೆ ಮುನ್ನ ತೇವಾಂಶ ಅಳೆಯುವ ಯಂತ್ರ ಕೊಳ್ಳುವ ಪ್ರಸ್ತಾವ ಬಂದರೆ ಆಗ ಪ್ರತ್ಯೇಕ ವಿಷಯವಾಗಿ ಚರ್ಚೆಗೆ ತರುತ್ತೇನೆ.

ಮೇ 20ರಂದು ಎಲ್ಲರಿಗೂ ಫೋನ್ ಮಾಡಿ ಪ್ರಗತಿ ಕೇಳುತ್ತೇನೆ. ಗಡುವು ಮೀರುವ ಸೂಚನೆ ಕಂಡರೆ ದಯವಿಟ್ಟು ಎರಡು ದಿನ ಮೊದಲೇ ತಿಳಿಸಿ, ಏಕೆಂದರೆ 1ಅ ಒಂದು ದಿನ ತಡವಾದರೂ 1ಆ, 1ಇ ಮತ್ತು 3 ಕೂಡ ಹಿಂದೆ ಬೀಳುತ್ತವೆ. ಇಲ್ಲಿ ಬರೆದ ಹೊಣೆಯಲ್ಲಾಗಲಿ ದಿನಾಂಕದಲ್ಲಾಗಲಿ ಬದಲಾವಣೆ ಬೇಕಿದ್ದರೆ ಮೇ 8ರ ಸಂಜೆ 5ರೊಳಗೆ ಕಚೇರಿಗೆ ಬರೆದು ಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ