ಪೆಟ್ಟಿಗೆ ದರದ ಮಾತುಕತೆ: ನಿಮ್ಮ ಸಂದೇಶಗಳು, ಕಳಿಸಬೇಕಾದ ರೂಪ

ದರವನ್ನು ಶೇ 12 ಏರಿಸಬೇಕೆಂದು ಪತ್ರ ಬರೆದಿರುವ ರಟ್ಟಿನ ಪೆಟ್ಟಿಗೆಯವರಿಗೆ ಕಳಿಸಲೆಂದು ನೀವು ಬರೆದಿಟ್ಟ ನಾಲ್ಕೂ ಸಂದೇಶಗಳನ್ನು ಓದಿದೆ. ಒಂದನ್ನೂ ಇನ್ನೂ ಕಳಿಸಿಲ್ಲ ಎಂದು ತಿಳಿದು ಸಮಾಧಾನವಾಯಿತು. ನಿಮ್ಮ ಮಾತನ್ನು ಹಾಗೆಯೇ ಇಟ್ಟು, ಅದರ ಕೆಳಗೆ ತಿದ್ದಿ ಬರೆದಿದ್ದೇನೆ. ಎಂಟು ವರ್ಷದಿಂದ ನಮಗೆ ಮಾಲು ಕೊಡುತ್ತಿರುವವರು. ದರದಲ್ಲಿ ನಾವು ಸೋಲುವುದು ಬೇಡ, ಅವರ ಮನಸ್ಸು ಮುರಿಯುವುದೂ ಬೇಡ.

ನಿಮ್ಮ ಮೊದಲನೆಯದು:

"ಯಜಮಾನರೇ, ಶೇ 12 ತುಂಬಾ ಜಾಸ್ತಿಯಾಯಿತು. ಇಷ್ಟು ವರ್ಷದ ಸಂಬಂಧ ನೋಡಿಯಾದರೂ ಸ್ವಲ್ಪ ಕಡಿಮೆ ಮಾಡಿ. ಮೇಲಿನವರು ನನ್ನನ್ನು ಬೈಯುತ್ತಾರೆ. ನೀವೇ ಏನಾದರೂ ನೋಡಿ ಹೇಳಿ."

ಇದರಲ್ಲಿ ನಮ್ಮ ಅಂಕಿಯೇ ಇಲ್ಲ. ಅವರು ಶೇ 11 ಎಂದರೂ "ಸ್ವಲ್ಪ" ಕಡಿಮೆ ಮಾಡಿದಂತೆಯೇ, ಆಮೇಲೆ ನೀವು ಬಾಯಿ ತೆರೆಯುವಂತಿಲ್ಲ. ಮೇಲಿನವರು ಬೈಯುತ್ತಾರೆ ಎಂದು ಬರೆದರೆ, ಮುಂದಿನ ಸಲ ನಿಮ್ಮನ್ನು ಬಿಟ್ಟು ನೇರವಾಗಿ ಮೇಲಿನವರಿಗೇ ಫೋನು ಮಾಡುತ್ತಾರೆ. ಕಳೆದ ವರ್ಷ ಅವರೇ ಕೊಟ್ಟ ವೆಚ್ಚದ ವಿವರವನ್ನು ಕಡತದಿಂದ ತೆಗೆದು ನೋಡಿದೆ. ಪೆಟ್ಟಿಗೆಯ ದರದಲ್ಲಿ ಕಾಗದದ ಪಾಲು ಶೇ 60. ಕ್ರಾಫ್ಟ್ ಕಾಗದ ಶೇ 10 ಏರಿದೆ ಎಂದು ಅವರ ಪತ್ರವೇ ಹೇಳುತ್ತದೆ. ನೂರರ ಪೆಟ್ಟಿಗೆಯಲ್ಲಿ ಅರವತ್ತು ಕಾಗದಕ್ಕೆ, ಆ ಅರವತ್ತಕ್ಕೆ ಹತ್ತರಲ್ಲೊಂದು ಪಾಲು ಸೇರಿದರೆ ಆರು. ಇನ್ನುಳಿದ ಆರಕ್ಕೆ ಅವರು ಕಾರಣವನ್ನೇ ಬರೆದಿಲ್ಲ.

"ಯಜಮಾನರೇ, ನಮಸ್ಕಾರ. ದರ ಏರಿಕೆಯ ಪತ್ರ ತಲುಪಿತು. ಕಾಗದ ದುಬಾರಿಯಾಗಿರುವುದು ನಿಜ, ಆ ಹೊರೆಯನ್ನು ನೀವೇ ಹೊರಬೇಕೆಂದು ನಾವು ಹೇಳುವುದಿಲ್ಲ. ನೀವು ಕೊಟ್ಟ ವೆಚ್ಚದ ವಿವರದಲ್ಲಿ ಕಾಗದದ ಪಾಲು ಶೇ 60. ಕಾಗದ ಶೇ 10 ಏರಿದರೆ ಪೆಟ್ಟಿಗೆಯ ಮೇಲೆ ಬೀಳುವುದು ಶೇ 6. ಐದು ಪದರದ ಪೆಟ್ಟಿಗೆಯ ಮೂರೂ ಅಳತೆಗಳಿಗೆ ಈಗಿನ ದರದ ಮೇಲೆ ಶೇ 6 ಏರಿಕೆಯನ್ನು ಒಪ್ಪುತ್ತೇವೆ. ಮುಂದಿನ ತಿಂಗಳ 1ರ ನಂತರ ಕೊಡುವ ಆದೇಶಗಳಿಗೆ ಇದು ಅನ್ವಯ. ಈಗಾಗಲೇ ಕೊಟ್ಟಿರುವ ಆದೇಶಗಳು ಹಳೆಯ ದರದಲ್ಲೇ ಬರಬೇಕು. ಕೂಲಿ, ವಿದ್ಯುತ್ತು, ಸಾಗಣೆಯಲ್ಲಿ ನಮ್ಮ ಗಮನಕ್ಕೆ ಬಾರದ ಏರಿಕೆಯಿದ್ದರೆ ಲೆಕ್ಕ ಕಳಿಸಿ, ಖಂಡಿತ ನೋಡುತ್ತೇನೆ. ಗುರುವಾರ ಸಂಜೆ 5 ಗಂಟೆಯೊಳಗೆ ತಿಳಿಸಿದರೆ ಶುಕ್ರವಾರವೇ ದರ ಒಪ್ಪಂದದ ಪತ್ರ ಕಳಿಸುತ್ತೇನೆ."

"ಲೆಕ್ಕ ಕಳಿಸಿ" ಎಂದದ್ದು ಸಡಿಲ ಮಾತಲ್ಲ. ಲೆಕ್ಕ ಬಂದರೆ ನಾವು ನಿಜವಾಗಿಯೂ ನೋಡಬೇಕು. ಬರದಿದ್ದರೆ ಆರು ಆರೇ.

ಎರಡನೆಯದು ನನಗೆ ಹೆಚ್ಚು ಬೇಸರ ತಂದಿತು:

"ಪೇಮೆಂಟ್ ಬಗ್ಗೆ ಚಿಂತೆ ಮಾಡಬೇಡಿ, ಆದಷ್ಟು ಬೇಗ ಮಾಡಿಸುತ್ತೇನೆ. ದರ ಮಾತ್ರ ಇಳಿಸಿ, ಹಳೆಯ ಬಾಕಿಯನ್ನೂ ಸೇರಿಸಿ ಕೊಡಿಸುತ್ತೇನೆ."

ಹಳೆಯ ಬಾಕಿ ಅವರ ಹಣ. ಅದನ್ನು ತೋರಿಸಿ ದರ ಇಳಿಸಿ ಎನ್ನುವುದು ನಾವು ಮಾಡಬಾರದ ಕೆಲಸ. ಕಳೆದ ಎರಡು ಬಿಲ್ಲುಗಳನ್ನು ತಡ ಮಾಡಿದ್ದೂ ನಾವೇ. ಲೆಕ್ಕಪತ್ರ ವಿಭಾಗದೊಂದಿಗೆ ಬೆಳಿಗ್ಗೆಯೇ ಮಾತನಾಡಿದ್ದೇನೆ, ಬುಧವಾರ ಹಣ ಹೋಗುತ್ತದೆ. ಮುಂದಕ್ಕೆ 30 ದಿನದ ಪಾವತಿಗೂ ಲೆಕ್ಕಪತ್ರದವರು ಒಪ್ಪಿದ್ದಾರೆ. ಅದನ್ನು ಕೇಳಿಕೊಳ್ಳದೆ ನಾನು ಈ ಸಂದೇಶ ಬರೆಯುತ್ತಿರಲಿಲ್ಲ.

"ಯಜಮಾನರೇ, ಕಳೆದ ಎರಡು ಬಿಲ್ಲುಗಳ ಹಣ 11 ದಿನ ಮತ್ತು 17 ದಿನ ತಡವಾಯಿತು. ತಪ್ಪು ನಮ್ಮದು. ಬಾಕಿಯಿರುವ ಹಣ ಬುಧವಾರ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಅದಕ್ಕೂ ದರದ ಮಾತಿಗೂ ಸಂಬಂಧವಿಲ್ಲ. ಇನ್ನು ಹೊಸ ದರದ ವಿಷಯ. ಶೇ 6ಕ್ಕೆ ನೀವು ಒಪ್ಪಿದರೆ ಪಾವತಿಯ ಅವಧಿಯನ್ನು 45 ದಿನದಿಂದ 30 ದಿನಕ್ಕೆ ಇಳಿಸುತ್ತೇವೆ. ಬಿಲ್ಲು ಮತ್ತು ಗೋದಾಮಿನ ಸಹಿಯಿರುವ ಚಲನ್ ಎರಡೂ ನಮ್ಮ ಕೈಸೇರಿದ ದಿನದಿಂದ ಎಣಿಕೆ. ವಾರಕ್ಕೆ 2,500 ಪೆಟ್ಟಿಗೆಯ ಬದಲು ಎರಡು ವಾರಕ್ಕೊಮ್ಮೆ 5,000 ತೆಗೆದುಕೊಳ್ಳುತ್ತೇವೆ. ನೀವು ಯಂತ್ರವನ್ನು ನಮ್ಮ ಅಳತೆಗೆ ಹೊಂದಿಸಬೇಕಾದ ಸರದಿಯೂ ಲಾರಿ ಕಳಿಸಬೇಕಾದ ಸರದಿಯೂ ಅರ್ಧಕ್ಕೆ ಇಳಿಯುತ್ತವೆ. ಈ ಎರಡು ಅನುಕೂಲಗಳೂ ಶೇ 6ರ ದರದ ಜೊತೆಗೇ ಬರುವಂಥವು. ದರ ಅದಕ್ಕಿಂತ ಹೆಚ್ಚಾದರೆ ಈಗಿನ 45 ದಿನ, ವಾರದ 2,500 ಹಾಗೆಯೇ ಮುಂದುವರಿಯುತ್ತದೆ."

ಮೂರನೆಯದು:

"ಬೇರೆಯವರು ಶೇ 3ಕ್ಕೇ ಕೊಡುತ್ತೇವೆ ಎನ್ನುತ್ತಿದ್ದಾರೆ. ಹೋದ ಸಲದ ಮಾಲಂತೂ ಪೂರ್ತಿ ಕಳಪೆ. ಆಗದಿದ್ದರೆ ಹೇಳಿಬಿಡಿ."

ಶೇ 3ರ ಕೊಟೇಶನ್ ಎಲ್ಲಿ ಎಂದು ಕೇಳಿದಾಗ ನೀವು ಸುಮ್ಮನಾದಿರಿ. ಇಲ್ಲದ ಕೊಟೇಶನ್ ಹೆಸರು ಹೇಳುವುದು ಬೇಡ; ಈ ಕಸುಬಿನಲ್ಲಿ ಎಲ್ಲರಿಗೂ ಎಲ್ಲರ ದರ ಗೊತ್ತಿರುತ್ತದೆ. "ಪೂರ್ತಿ ಕಳಪೆ" ಎಂಬುದೂ ಸುಳ್ಳು. ಗೋದಾಮಿಗೆ ಹೋಗಿ ನಾನೇ ಎಣಿಸಿದೆ: 2,500ರಲ್ಲಿ 140 ಪೆಟ್ಟಿಗೆಗಳ ಪಕ್ಕದ ಜೋಡಣೆಯಲ್ಲಿ ಅಂಟು ಬಿಟ್ಟಿದೆ. ಬೆರಳಿನಿಂದ ಮೆಲ್ಲನೆ ಒತ್ತಿದರೆ ಅಂಚು ತೆರೆದುಕೊಳ್ಳುತ್ತದೆ, ಒಳಗೆ ಅಂಟಿನ ಗೆರೆ ಅರ್ಧಕ್ಕೇ ನಿಂತಿರುವುದು ಕಾಣುತ್ತದೆ. ಉಳಿದವು ಗಟ್ಟಿಯಾಗಿವೆ. ಇದು ದರದ ಮಾತೇ ಅಲ್ಲ, ಬೇರೆ ಸಂದೇಶವಾಗಿಯೇ ಹೋಗಲಿ.

"ಯಜಮಾನರೇ, ಇದು ದರಕ್ಕೆ ಸಂಬಂಧಿಸಿದ್ದಲ್ಲ. ಕಳೆದ ಲೋಡಿನ 2,500ರಲ್ಲಿ 140 ಪೆಟ್ಟಿಗೆಗಳ ಪಕ್ಕದ ಜೋಡಣೆ ಬಿಟ್ಟಿದೆ. ಅಂಟು ಅಂಚಿನವರೆಗೆ ಬಿದ್ದಿಲ್ಲ. ಫೋಟೊಗಳನ್ನು ಕಳಿಸಿದ್ದೇನೆ. ಆ 140ನ್ನು ಬೇರೆ ಎತ್ತಿಟ್ಟಿದ್ದೇವೆ, ನಿಮ್ಮವರು ಬಂದು ನೋಡಬಹುದು. ಅಷ್ಟರ ಮೊತ್ತಕ್ಕೆ ಕ್ರೆಡಿಟ್ ನೋಟ್ ಕಳಿಸಿ. ಮುಂದಿನ ಲೋಡು ಹೊರಡುವ ಮೊದಲು ಕಾರಣವೇನು, ಏನು ಸರಿಪಡಿಸಿದಿರಿ ಎಂದು ಎರಡು ಸಾಲು ಬರೆದರೆ ಸಾಕು. ಉಳಿದ ಮಾಲು ಚೆನ್ನಾಗಿದೆ, ಬಳಕೆಗೆ ತೆಗೆದುಕೊಂಡಿದ್ದೇವೆ."

ನಾಲ್ಕನೆಯದು, ಅವರು ಶೇ 8ಕ್ಕೆ ಬಂದು ನಿಂತರೆ ಎಂದು ನೀವು ಮೊದಲೇ ಬರೆದಿಟ್ಟದ್ದು: "ಸರಿ ಬಿಡಿ, ಎಂಟಕ್ಕೇ ಮುಗಿಸೋಣ." ಹನ್ನೆರಡು ಕೇಳಿ ಎಂಟಕ್ಕೆ ಇಳಿದದ್ದು ದೊಡ್ಡದಾಗಿ ಕಾಣುತ್ತದೆ. ಆದರೆ ಆರರ ಮೇಲಿನ ಆ ಎರಡಕ್ಕೂ ಲೆಕ್ಕವಿಲ್ಲ. ಅವರ ನಿಜವಾದ ಭಯ ಕಾಗದ ಇನ್ನೂ ಏರಿದರೆ ಏನು ಗತಿ ಎಂಬುದಾಗಿರಬಹುದು. ಅದಕ್ಕೆ ದರದಲ್ಲಲ್ಲ, ಷರತ್ತಿನಲ್ಲಿ ಜಾಗ ಕೊಡೋಣ.

"ಯಜಮಾನರೇ, ಇಷ್ಟು ದೂರ ಇಳಿದು ಬಂದದ್ದಕ್ಕೆ ಧನ್ಯವಾದ. ಆದರೂ ನಮ್ಮ ದರ ಶೇ 6. ಕಾಗದ ಇನ್ನೂ ಏರಬಹುದೆಂಬ ಆತಂಕ ನಿಮಗಿದ್ದರೆ ಒಪ್ಪಂದದಲ್ಲೇ ಹೀಗೆ ಬರೆಯೋಣ: ದರ ಆರು ತಿಂಗಳು ಸ್ಥಿರ. ಆ ನಡುವೆ ಕಾಗದದ ಬೆಲೆ ಶೇ 5ಕ್ಕಿಂತ ಹೆಚ್ಚು ಏರಿದರೆ ಅಥವಾ ಇಳಿದರೆ, ಅದೇ ಶೇ 60ರ ಲೆಕ್ಕದಲ್ಲಿ ಪೆಟ್ಟಿಗೆಯ ದರವೂ ಏರುತ್ತದೆ ಅಥವಾ ಇಳಿಯುತ್ತದೆ. ಇದೂ ನಿಮಗೆ ಹೊಂದದಿದ್ದರೆ ದೊಡ್ಡ ಅಳತೆಯ ಪೆಟ್ಟಿಗೆಗೆ ಮಾತ್ರ ಬೇರೆಡೆ ಕೊಟೇಶನ್ ಕೇಳಬೇಕಾಗುತ್ತದೆ. ಬೇರೆಯವರಿಂದ ನಿಮ್ಮ ಕಿವಿಗೆ ಬೀಳುವುದಕ್ಕಿಂತ ನಾನೇ ಹೇಳುವುದು ಸರಿ ಎಂದು ಬರೆಯುತ್ತಿದ್ದೇನೆ. ಉಳಿದೆರಡು ಅಳತೆಗಳ ಆದೇಶ ಎಂದಿನಂತೆ ನಿಮಗೇ ಬರುತ್ತದೆ."

ಕಳೆದ ವರ್ಷ ನಮ್ಮ ತುರ್ತಿಗೆ ಅವರು ರಾತ್ರಿ ಪಾಳಿ ಓಡಿಸಿ ಮಾಲು ಕೊಟ್ಟದ್ದನ್ನು ನೀವು ಎರಡು ಕಡೆ ಬರೆದಿದ್ದಿರಿ. ಎರಡೂ ಕಡೆ ತೆಗೆದಿದ್ದೇನೆ. ಚೌಕಾಸಿಯ ನಡುವೆ ಹೇಳಿದರೆ ಬೆಣ್ಣೆ ಹಚ್ಚಿದಂತೆ ಕೇಳುತ್ತದೆ. ಒಪ್ಪಂದಕ್ಕೆ ಸಹಿಯಾದ ಮೇಲೆ ಫೋನಿನಲ್ಲಿ ಬಾಯಿ ತುಂಬ ಹೇಳಿ.

ಮೊದಲೆರಡನ್ನು ಇಂದು ಮಧ್ಯಾಹ್ನ ಒಟ್ಟಿಗೇ ಕಳಿಸಿ. ಮೂರನೆಯದು ಬುಧವಾರ, ಅದೂ ಹಣ ಜಮಾ ಆದದ್ದನ್ನು ಖಚಿತ ಮಾಡಿಕೊಂಡ ಮೇಲೆ. ನಾಲ್ಕನೆಯದು ನಿಮ್ಮ ಬಳಿಯೇ ಇರಲಿ. ಅವರು ಎಂಟು ಎಂದರೆ ಮಾತ್ರ, ಕಳಿಸುವ ಮೊದಲು ನನಗೊಮ್ಮೆ ತೋರಿಸಿ.